ಒತ್ತು ಸರಿಯುವ ಪದಗಳಿಗೆ ಲಘು–ಗುರು ಹಾಕಿದ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ, ಫೋಟೋಗ್ರಾಫ್, ಫೋಟೋಗ್ರಾಫರ್, ಫೋಟೋಗ್ರಾಫಿಕ್ ಎಂಬ ಮೂರು ಪದಗಳು ಸುಮಾರು ನಾಲ್ಕು ವರ್ಷ ಬಗ್ಗಲಿಲ್ಲ. ಮೊದಲನೆಯದರಲ್ಲಿ ಒತ್ತು ಮೊದಲಕ್ಷರದ ಮೇಲೆ, ಎರಡನೆಯದರಲ್ಲಿ ಎರಡನೆಯದರ ಮೇಲೆ, ಮೂರನೆಯದರಲ್ಲಿ ಮೂರನೆಯದರ ಮೇಲೆ ಬೀಳುತ್ತದೆಂದು ಮಕ್ಕಳಿಗೆ ಬಾಯಿಪಾಠವಿತ್ತು. ಆದರೆ ಓದುವಾಗ ಮೂರರಲ್ಲೂ ‘ಫೋ’, ‘ಟೋ’ ಎರಡೂ ಪೂರ್ಣವಾಗಿಯೇ ಬರುತ್ತಿದ್ದವು. ಸ್ವಂತ ದುಡ್ಡು ನಾಲ್ಕೈದು ಸಾವಿರ ಕೊಟ್ಟು ಧ್ವನಿವರ್ಧಕ ತಂದೆ. ಮಕ್ಕಳು ಒತ್ತಿನ ಅಕ್ಷರವನ್ನು ಕೂಗಿ ಹೇಳಲು ಕಲಿತರೇ ಹೊರತು ಉಳಿದವನ್ನು ಸಣ್ಣದು ಮಾಡಲಿಲ್ಲ.

ಆಮೇಲೆ ಕನ್ನಡ ತರಗತಿಯ ಪ್ರಸ್ತಾರವನ್ನೇ ಎರವಲು ತಂದೆ: ಒತ್ತಿನ ಅಕ್ಷರಕ್ಕೆ ಗುರು, ಉಳಿದವಕ್ಕೆ ಲಘು. ಕನ್ನಡ ಕಲಿಸುವ ಹಿರಿಯರು, ಛಂದಸ್ಸಿನ ಗುರುವಿಗೂ ಇಂಗ್ಲಿಷಿನ ಒತ್ತಿಗೂ ಸಂಬಂಧವಿಲ್ಲ, ಮಕ್ಕಳು ಎರಡನ್ನೂ ಕೆಡಿಸಿಕೊಳ್ಳುತ್ತಾರೆ ಎಂದರು. ಮೊದಲ ದಿನ ಅವರ ಮಾತೇ ನಿಜವಾಯಿತು. ಫೋಟೋಗ್ರಾಫರ್‌ಗೆ U — U U ಹಾಕಿದಾಗ, “ಸರ್, ‘ಫೋ’ ದೀರ್ಘ ಐತಲ್ರೀ, ಲಘು ಹೆಂಗ್ ಆಗ್ತೈತ್ರೀ?” ಎಂದು ಹುಡುಗಿಯೊಬ್ಬಳು ಕೇಳಿದಳು. ದಾರಿ ತೋರಿಸಿದ್ದು ಆ ಪ್ರಶ್ನೆಯೇ. ಕನ್ನಡದಲ್ಲಿ ಅಕ್ಷರ ನೋಡಿ ಗುರುತು ಹಾಕುತ್ತೇವೆ; ಇಲ್ಲಿ ಗುರುತು ಮೊದಲು ಹಾಕಿ, ಅದಕ್ಕೆ ತಕ್ಕಂತೆ ಅಕ್ಷರವನ್ನು ತಿದ್ದಬೇಕು. ಹಾಗೆ ತಿದ್ದಿದಾಗ ಫೋ-ಟ-ಗ್ರಾಫ್, ಫ-ಟಾ-ಗ್ರ-ಫರ್, ಫೋ-ಟ-ಗ್ರ್ಯಾ-ಫಿಕ್ ಎಂದಾದವು. ಮೂರನೆಯದರ ‘ಫೋ’ದಲ್ಲಿ ಕಿರಿಯ ಒತ್ತು ಉಳಿಯುವುದರಿಂದ ಅದನ್ನು ಕಿರಿದು ಮಾಡಲಿಲ್ಲ. ‘ಟಾ’ ನಿಜವಾಗಿ ದೀರ್ಘವಲ್ಲ, ಬ್ರಿಟಿಷ್ ಉಚ್ಚಾರದಲ್ಲಿ ಬಾಯಿ ದುಂಡಾದ ಹ್ರಸ್ವ ಸ್ವರ. ನಮ್ಮ ಲಿಪಿಯಲ್ಲಿ ಅದಕ್ಕಿಂತ ಹತ್ತಿರದ್ದು ಸಿಗಲಿಲ್ಲ.

ಪರೀಕ್ಷೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ನಡೆಯಿತು. ‘ಟಾ’ ಗಟ್ಟಿಯಾಗಿದೆಯೇ ಎಂದು ನಾನು ಕೇಳುವುದಿಲ್ಲ. ಫೋಟೋಗ್ರಾಫರ್‌ನ ಮೊದಲಕ್ಷರ ಮಸುಕಾದ ‘ಫ’ ಆಗಿದೆಯೇ ಎಂದಷ್ಟೇ ಕೇಳುತ್ತೇನೆ. ‘ಫೋ’ ಕೇಳಿಸಿದರೆ ಒತ್ತು ಸರಿದಿಲ್ಲ. ನಲವತ್ತರ ತರಗತಿಯಲ್ಲಿ ಮೊದಲು ಐದಾರು ಮಂದಿ ಸರಿಯಾಗಿ ಹೇಳುತ್ತಿದ್ದರು. ಒಂದೂವರೆ ತಿಂಗಳಿಗೆ ಮೂವತ್ತರ ಹತ್ತಿರ ಬಂದರು. ಅನುಮಾನಿಸಿದ ಹಿರಿಯರು ತಾವೇ ಕುಳಿತು ಮುದ್ರಿಕೆ ಕೇಳಿದ್ದು ನನಗೆ ಹೆಮ್ಮೆಯ ಸಂಗತಿ.

ನಡುವೆ ಒಂದು ಎಡವಟ್ಟಾಯಿತು. ‘ಅರ್’ ಪ್ರತ್ಯಯವೇ ಒತ್ತನ್ನು ತಳ್ಳುತ್ತದೆಂದು ತಿಳಿದ ಮಕ್ಕಳು ಮ್ಯಾನೇಜರ್‌ನಲ್ಲೂ ಒತ್ತನ್ನು ಎರಡನೆಯ ಅಕ್ಷರಕ್ಕೆ ಒಯ್ದರು. ಟೀಚರ್, ಮ್ಯಾನೇಜರ್, ಫಾರ್ಮರ್ ಪದಗಳಲ್ಲಿ ಅದು ಏನನ್ನೂ ಸರಿಸುವುದಿಲ್ಲ. ಆದ್ದರಿಂದ ಈಗ ಫೋಟೋಗ್ರಫಿಯನ್ನು ಮೊದಲು ಕಲಿಸಿ, ಫೋಟೋಗ್ರಾಫರ್ ಅದರ ಜೊತೆಯದೆಂದು ಹೇಳುತ್ತೇನೆ: ‘ಗ್ರಫಿ’, ‘ಗ್ರಫರ್’ ಎಂದು ಮುಗಿಯುವ ಪದಗಳಲ್ಲಿ ಒತ್ತು ಅದರ ಹಿಂದಿನ ಅಕ್ಷರದ ಮೇಲೆ ಬೀಳುತ್ತದೆ. ಜಿಯಾಗ್ರಫಿ, ಸ್ಟೆನೋಗ್ರಾಫರ್ ತಾವಾಗಿಯೇ ಬಂದವು. ‘ಇಕ್’ ಬಂದಾಗ ಒತ್ತು ಅದರ ಹಿಂದಿನ ಅಕ್ಷರಕ್ಕೆ ಬರುತ್ತದೆ. ಅರಾಬಿಕ್, ಅರಿತ್ಮೆಟಿಕ್‌ನಂಥ ಕೆಲವನ್ನು ಬೇರೆ ಪಟ್ಟಿಯಲ್ಲಿ ಬಾಯಿಪಾಠ ಮಾಡಿಸುತ್ತೇನೆ.

ಪದಗಳನ್ನು ಯಾವ ಕ್ರಮದಲ್ಲಿ ಹೇಳಿಸುತ್ತೇನೆಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಟೆಲಿಗ್ರಾಫ್‌ನ ಮೂರು ರೂಪಗಳನ್ನು ಮಕ್ಕಳು ನಾನು ಹೇಳಿಕೊಡುವ ಮುಂಚೆಯೇ ಸರಿಯಾಗಿ ಓದಿದರು.