ಕೋಡ್ ‘ಹಳತಾದ ಮೇಲೆ’ ಹಿಡಿಯುತ್ತಿದೆಯೇ? ಸರ್ವರ್‌ನ ಗಡಿಯಾರ ನೋಡಿ

ಆಟಿ ತಿಂಗಳ ಜಡಿಮಳೆಯಲ್ಲಿ ಬದಿಯಡ್ಕದ ಕಡೆಯ ಒಂದು ಸಹಕಾರಿ ಸಂಘದಿಂದ ಕರೆ ಬಂತು. ಸಿಬ್ಬಂದಿ ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆಗೆ ಮೊಬೈಲಿನ ಆ್ಯಪ್ ತೋರಿಸುವ ಆರಂಕಿಯ ಕೋಡ್ ಹಾಕಬೇಕು. ಎರಡು ವಾರದಿಂದ ಅದು ಕೆಲವೊಮ್ಮೆ ಹಿಡಿಯುತ್ತಿತ್ತು, ಕೆಲವೊಮ್ಮೆ ಇಲ್ಲ. ಆ ದಿನ ಯಾರದ್ದೂ ಹಿಡಿಯುತ್ತಿರಲಿಲ್ಲ, ಕ್ಯಾಶ್ ಕೌಂಟರಿನ ಒಬ್ಬರದ್ದನ್ನು ಬಿಟ್ಟು. ಅವರು ಏನು ಮಾಡುತ್ತಾರೆಂದು ಪಕ್ಕದಲ್ಲಿ ನಿಂತು ನೋಡಿದೆ. ಕೋಡನ್ನು ರಶೀದಿ ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಬರೆದರು, ನೋಟಿನ ಒಂದು ಕಟ್ಟು ಎಣಿಸಿದರು, ಆಮೇಲೆ ಆ ಅಂಕಿ ಹಾಕಿದರು. ಲಾಗಿನ್ ಆಯಿತು. ಆಗ ಮೊಬೈಲಿನಲ್ಲಿ ಬೇರೆಯೇ ಕೋಡ್ ಇತ್ತು.

“ಕೂಡ್ಲೆ ಹಾಕಿದ್ರೆ ತೆಕ್ಕೊಳ್ಳುದಿಲ್ಲ ಅಣ್ಣ, ಚೂರು ಹಳತಾಗ್ಬೇಕು” ಎಂದರು.

ದೋಷ ಎಲ್ಲಿದೆ ಎಂದು ಆ ಒಂದು ಮಾತೇ ಹೇಳಿಬಿಟ್ಟಿತು. ಹಳೆಯ ಕೋಡ್ ಹಿಡಿಯುತ್ತಿದ್ದರೆ ಸರ್ವರ್‌ನ ಗಡಿಯಾರ ಹಿಂದೆ ಬಿದ್ದಿದೆ ಎಂದರ್ಥ. ಇದಕ್ಕೆ ವಿರುದ್ಧವಾಗಿ, ಹೊಸ ಕೋಡ್ ಮೂಡಿದ ಕ್ಷಣದಲ್ಲೇ ಹಾಕಿದರೆ ಮಾತ್ರ ಹಿಡಿಯುತ್ತಿದ್ದರೆ ಸರ್ವರ್ ಮುಂದೆ ಓಡಿದೆ.

ಹೀಗೇಕೆ? ಆ್ಯಪ್ ಮತ್ತು ಸರ್ವರ್ ಕೋಡಿಗಾಗಿ ಒಂದಕ್ಕೊಂದು ಮಾತಾಡುವುದೇ ಇಲ್ಲ. ಮೊದಲ ದಿನ ಕ್ಯೂಆರ್ ಸ್ಕ್ಯಾನ್ ಮಾಡುವಾಗ ಇಬ್ಬರ ಕೈಗೂ ಒಂದೇ ಗುಟ್ಟಿನ ಕೀಲಿ ಸೇರುತ್ತದೆ. ಆಮೇಲೆ ಇಬ್ಬರೂ ತಂತಮ್ಮ ಗಡಿಯಾರ ನೋಡಿ, 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತೋ ಅದನ್ನು 30ರಿಂದ ಭಾಗಿಸಿ, ಬಂದ ಪೂರ್ಣಾಂಕವನ್ನೂ ಕೀಲಿಯನ್ನೂ ಕಲಸಿ ಆರಂಕಿ ತೆಗೆಯುತ್ತಾರೆ. ಆ ಪೂರ್ಣಾಂಕವನ್ನು ಇಲ್ಲಿ ‘ಮೆಟ್ಟಿಲು’ ಎನ್ನೋಣ. ಇಬ್ಬರೂ ಒಂದೇ ಮೆಟ್ಟಿಲಿನಲ್ಲಿದ್ದರೆ ಕೋಡೂ ಒಂದೇ. ಜನ ಟೈಪ್ ಮಾಡಲು ಹೊತ್ತು ಬೇಕಲ್ಲ, ಅದಕ್ಕೆ ಸರ್ವರ್ ಸಾಮಾನ್ಯವಾಗಿ ಹಿಂದಿನ ಒಂದು, ಮುಂದಿನ ಒಂದು ಮೆಟ್ಟಿಲನ್ನೂ ಒಪ್ಪುತ್ತದೆ. ಹೀಗೆ ಒಪ್ಪುವ ಮೆಟ್ಟಿಲುಗಳ ಮಿತಿಗೆ ‘ವಿಂಡೋ’ ಎನ್ನುತ್ತಾರೆ.

ಸಂಘದ ಸರ್ವರ್ 72 ಸೆಕೆಂಡ್ ಹಿಂದಿತ್ತು. ಲೆಕ್ಕ ಸುಲಭವಾಗಲಿ ಎಂದು ಮೊಬೈಲಿನಲ್ಲಿ ಸಮಯ 1700000000 ಎಂದಿಟ್ಟುಕೊಳ್ಳಿ. 30ರಿಂದ ಭಾಗಿಸಿದರೆ ಮೆಟ್ಟಿಲು 56666666. ಅದೇ ಕ್ಷಣ ಸರ್ವರ್‌ನಲ್ಲಿ 1699999928, ಮೆಟ್ಟಿಲು 56666664. ಹತ್ತು ಸೆಕೆಂಡಿನಲ್ಲಿ ಟೈಪ್ ಮಾಡಿದರೂ ಸರ್ವರ್ ಅದೇ 664ರಲ್ಲಿ ಕೂತಿರುತ್ತದೆ. 665ರ ತನಕ ಒಪ್ಪುತ್ತದೆ, 666 ಅದರ ಪಾಲಿಗೆ ಇನ್ನೂ ಬಾರದ ಕಾಲ. ಒಂದು ನಿಮಿಷ ಕಾದರೆ ಸರ್ವರ್ 1699999988ಕ್ಕೆ, ಅಂದರೆ 666ನೇ ಮೆಟ್ಟಿಲಿಗೆ ಬರುತ್ತದೆ. ಚೀಟಿಯಲ್ಲಿ ಬರೆದಿಟ್ಟ ಕೋಡ್ ಆಗ ಸರಿಹೊಂದುತ್ತದೆ. ನೋಟು ಎಣಿಸುತ್ತಾ ಅವರು ಕಾದದ್ದು ಈ ಒಂದು ನಿಮಿಷ.

ಮೊದಲು: ಒಬ್ಬರದ್ದೋ, ಎಲ್ಲರದ್ದೋ?

ಒಬ್ಬರದ್ದು ಮಾತ್ರ ಹಿಡಿಯದಿದ್ದರೆ ಅವರ ಮೊಬೈಲಿನ ಸೆಟ್ಟಿಂಗ್ಸ್‌ಗೆ ಹೋಗಿ, ದಿನಾಂಕ ಮತ್ತು ಸಮಯ ತಾನಾಗಿ ಹೊಂದಿಕೊಳ್ಳುವ ಆಯ್ಕೆ ಆನ್ ಇದೆಯೇ ನೋಡಿ. ನಮ್ಮ ಕಾಸರಗೋಡಿನಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಸಿಗುತ್ತದೆ. ದುಬೈಯಿಂದ ರಜೆಗೆ ಬಂದವರ ಮೊಬೈಲ್ ತಾನಾಗಿ ಇಲ್ಲಿನ ಸಮಯಕ್ಕೆ ಬಂದರೆ ತೊಂದರೆಯಿಲ್ಲ, ಏಕೆಂದರೆ ಕೋಡಿನ ಲೆಕ್ಕ ಇಡೀ ಜಗತ್ತಿಗೆ ಒಂದೇ ಆದ ಯುಟಿಸಿ ಸಮಯದಲ್ಲಿ ನಡೆಯುತ್ತದೆ. ದುಬೈಯಲ್ಲಿದ್ದರೂ ಕುಂಬಳೆಯಲ್ಲಿದ್ದರೂ ಕೋಡ್ ಒಂದೇ. ಆದರೆ ಟೈಮ್ ಝೋನ್ ದುಬೈಯದ್ದೇ ಇಟ್ಟು ಮುಳ್ಳನ್ನು ಮಾತ್ರ ಕೈಯಲ್ಲಿ ಒಂದೂವರೆ ಗಂಟೆ ಮುಂದೂಡಿದರೆ, 5400 ಸೆಕೆಂಡ್, ಅಂದರೆ 180 ಮೆಟ್ಟಿಲು ಆಚೆ ಹೋದಂತೆ. ಅದನ್ನು ಯಾವ ಸರ್ವರ್ ಕೂಡ ಒಪ್ಪಬಾರದು. ಮೊಬೈಲನ್ನೇ ಸರಿಪಡಿಸಬೇಕು.

ಎಲ್ಲರದ್ದೂ ಒಟ್ಟಿಗೆ ಕೈಕೊಟ್ಟರೆ ಸರ್ವರ್ ಕಡೆ ನಡೆಯಿರಿ.

ಎರಡನೆಯದು: ಎಷ್ಟು ಹಿಂದಿದೆ ಎಂದು ಅಳೆಯಿರಿ

ಲಿನಕ್ಸ್ ಸರ್ವರ್ ಆದರೆ ಈ ಎರಡು ಸಾಲು ಒಂದರ ಹಿಂದೊಂದು ಕೊಡಿ. ಹೊರಗಿನ ಒಂದು ದೊಡ್ಡ ತಾಣ ಹೇಳುವ ಸಮಯವನ್ನು ನಿಮ್ಮ ಸಮಯದ ಪಕ್ಕದಲ್ಲಿಟ್ಟು ನೋಡುವುದು ಇಷ್ಟೇ. ಒಂದೆರಡು ಸೆಕೆಂಡಿನ ಹೆಚ್ಚುಕಡಿಮೆ ಇರಬಹುದು, ನಮಗೆ ಅಷ್ಟು ಸಾಕು.

```
date -u
curl -sI https://www.google.com | grep -i '^date'
```

ಆಮೇಲೆ `timedatectl` ಕೊಡಿ. ಹೆಚ್ಚಿನವರು ಮೋಸಹೋಗುವುದು ಇಲ್ಲೇ. `NTP service: active` ಎಂಬ ಸಾಲು ಕಂಡ ಕೂಡಲೇ ಗಡಿಯಾರ ಸರಿಯಿದೆ ಎಂದುಕೊಳ್ಳುತ್ತಾರೆ. ಸಮಯ ಹೊಂದಿಸುವ ತಂತ್ರಾಂಶ ಓಡುತ್ತಿದೆ ಎಂದಷ್ಟೇ ಅದರ ಅರ್ಥ. ನೋಡಬೇಕಾದ ಸಾಲು `System clock synchronized`. ಸಂಘದಲ್ಲಿ ಅದರ ಮುಂದೆ `no` ಎಂದಿತ್ತು.

ಮೂರನೆಯದು: ಸಮಯ ಯಾಕೆ ಬರುತ್ತಿಲ್ಲ?

ಅಲ್ಲಿ ಸಮಯ ಹೊಂದಿಸುವ ಕೆಲಸ ಕ್ರೋನಿ ಎಂಬ ತಂತ್ರಾಂಶದ್ದು. `chronyc sources` ಕೊಟ್ಟಾಗ ಪ್ರತಿಯೊಂದು ಸಮಯ ಸರ್ವರ್‌ನ ಮುಂದೆ `^?` ಗುರುತು, `Reach` ಎಂಬ ಕಾಲಮಿನಲ್ಲಿ 0. ಕೇಳಿದ ಪ್ರಶ್ನೆಗೆ ಒಂದೂ ಉತ್ತರ ಬಂದಿಲ್ಲ ಎಂದು ಇದರ ಅರ್ಥ. ಕಡೆಯ ಎಂಟಕ್ಕೆ ಎಂಟೂ ಉತ್ತರ ಬಂದಿದ್ದರೆ ಅಲ್ಲಿ 377 ಕಾಣುತ್ತದೆ.

ವಿಚಾರಿಸಿದಾಗ ಆರು ವಾರದ ಹಿಂದೆ ರೂಟರ್ ಬದಲಾಯಿಸಿದ್ದು ಗೊತ್ತಾಯಿತು. ಹೊಸ ರೂಟರಿನಲ್ಲಿ, ಸಮಯ ಕೇಳುವ ಪ್ರಶ್ನೆಗಳು ಹೊರಹೋಗುವ ಬಾಗಿಲಾದ ಯುಡಿಪಿ 123ನೇ ಪೋರ್ಟ್ ಮುಚ್ಚಿತ್ತು. ವೆಬ್‌ಸೈಟ್‌ಗಳು ತೆರೆಯುತ್ತಿದ್ದವು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಕಂಪ್ಯೂಟರಿನ ಒಳಗೆ ಗಡಿಯಾರ ನಡೆಸುವ ಸ್ಫಟಿಕ 10 ಲಕ್ಷಕ್ಕೆ 20 ಭಾಗ ತಪ್ಪಿದರೆ ದಿನಕ್ಕೆ 1.7 ಸೆಕೆಂಡ್ ಜಾರುತ್ತದೆ. ಇಷ್ಟು ಜಾರುವುದು ತೀರಾ ಸಾಮಾನ್ಯ. 42 ದಿನಕ್ಕೆ 72 ಸೆಕೆಂಡ್, ಲೆಕ್ಕ ಕೂಡಿಬಂತು.

ಟೈಪ್ ಮಾಡಲು ಹತ್ತು ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ, 40 ಸೆಕೆಂಡ್ ಜಾರುವ ತನಕ, ಅಂದರೆ ಸುಮಾರು 23 ದಿನ, ಒಂದೂ ದೂರು ಬರುವುದಿಲ್ಲ. ಆಮೇಲೆ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. 55 ಸೆಕೆಂಡಿಗೆ ಬಂದಾಗ ಎರಡಕ್ಕೊಂದು ತಪ್ಪು. 70 ದಾಟಿದ ಮೇಲೆ ಪೂರ್ತಿ ಬಂದ್. ‘ಕೆಲವೊಮ್ಮೆ ಹಿಡಿಯುತ್ತದೆ’ ಎಂಬ ದೂರು ನಿಧಾನವಾಗಿ ಹೆಚ್ಚುತ್ತಾ ಬಂದರೆ ಅದು ಜಾರಿಕೆ. ಕರೆಂಟು ಹೋಗಿ ಬಂದ ಮೇಲೆ ಒಮ್ಮೆಲೇ ಎಲ್ಲ ನಿಂತರೆ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತು ಗಡಿಯಾರ ಎಲ್ಲಿಗೋ ಹೋಗಿರಬಹುದು, ಅದನ್ನು ನೋಡಿ.

ನಾಲ್ಕನೆಯದು: ಗಡಿಯಾರ ಸರಿಮಾಡಿ

ರೂಟರಿನಲ್ಲಿ ಹೊರಹೋಗುವ ಯುಡಿಪಿ 123 ತೆರೆದೆವು. ಕ್ರೋನಿಯ ಸಂರಚನೆಯಲ್ಲಿ ಈ ಸಾಲುಗಳನ್ನು ಹಾಕಿದೆವು:

```
server samay1.nic.in iburst
server samay2.nic.in iburst
server time.nplindia.org iburst
makestep 1.0 3
rtcsync
```

ಮೊದಲ ಎರಡು ಕೇಂದ್ರ ಸರಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯವು, ಮೂರನೆಯದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಇವಕ್ಕೆ ಸಮಯ ಹೊಂದಿಸಿಕೊಳ್ಳಬೇಕೆಂದು ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ. ಮೂರು ಯಾಕೆಂದರೆ, ಎರಡೇ ಇದ್ದು ಅವು ಬೇರೆ ಬೇರೆ ಸಮಯ ಹೇಳಿದರೆ ಯಾವುದನ್ನು ನಂಬುವುದೆಂದು ತೀರ್ಮಾನಿಸಲಾಗದು.

`makestep 1.0 3` ಎಂದರೆ, ತಪ್ಪು ಒಂದು ಸೆಕೆಂಡಿಗಿಂತ ಹೆಚ್ಚಿದ್ದರೆ ಗಡಿಯಾರವನ್ನು ಒಮ್ಮೆಲೇ ಹಾರಿಸು, ಆದರೆ ಕ್ರೋನಿ ಶುರುವಾದ ಮೊದಲ ಮೂರು ಹೊಂದಾಣಿಕೆಗಳಲ್ಲಿ ಮಾತ್ರ. ಆಮೇಲೆ ಅದು ಗಡಿಯಾರದ ವೇಗವನ್ನು ಬದಲಿಸಿ ತಪ್ಪನ್ನು ಕರಗಿಸುತ್ತದೆ. ಕ್ರೋನಿಯನ್ನು ಮರುಚಾಲನೆ ಮಾಡಬೇಕು, ಅಥವಾ ಅದಕ್ಕೆ ಸಮಯ ಸಿಗಲಾರಂಭಿಸಿದ ಮೇಲೆ `sudo chronyc makestep` ಕೊಡಬೇಕು. ಈ ಹಾರಿಕೆಯನ್ನು ವ್ಯವಹಾರದ ಹೊತ್ತಿನಲ್ಲಿ ಮಾಡಬೇಡಿ. ಗಡಿಯಾರ ಹಿಂದಕ್ಕೆ ಹೋಗಬೇಕಾದ ಸಂದರ್ಭದಲ್ಲಂತೂ, ಆಮೇಲೆ ಬಂದ ವೋಚರಿಗೆ ಮೊದಲಿನ ಸಮಯ ಬಿದ್ದು ಲೆಕ್ಕ ಗೋಜಲಾಗುತ್ತದೆ. ನಾವು ಸಂಜೆ ಕೌಂಟರ್ ಮುಚ್ಚಿದ ಮೇಲೆ ಮಾಡಿದೆವು.

ಐದನೆಯದು: ಎಷ್ಟು ಮೆಟ್ಟಿಲು ಒಪ್ಪಬೇಕು?

ನಾನು ಹೋಗುವ ಮೊದಲೇ ಸಂಘಕ್ಕೆ ಒಂದು ಸಲಹೆ ಫೋನಿನಲ್ಲಿ ಬಂದಿತ್ತು: “ವಿಂಡೋ ಹತ್ತಕ್ಕೆ ಏರಿಸಿಬಿಡಿ, ಸರಿಹೋಗುತ್ತದೆ.” ಸರಿಹೋಗುತ್ತಿತ್ತು, ನಿಜ. ಆದರೆ ಒಂದೊಂದು ಮೆಟ್ಟಿಲು ಕೊಡುವುದು 17 ದಿನದ ಅವಧಿ ಮಾತ್ರ. ಹತ್ತಕ್ಕೆ ಏರಿಸಿದರೆ ರೂಟರ್ ಬದಲಾದ ದಿನದಿಂದ ಆರು ತಿಂಗಳಿಗೆ ಅದೇ ದೂರು ಮತ್ತೆ ಬರುತ್ತಿತ್ತು. ಅಷ್ಟರಲ್ಲಿ ವೋಚರುಗಳ ಸಮಯ ಐದು ನಿಮಿಷ ಹಿಂದೆ ಬಿದ್ದಿರುತ್ತಿತ್ತು.

ಭದ್ರತೆಯಲ್ಲಿ ತೆರಬೇಕಾದ ಬೆಲೆಯೂ ಇದೆ. ಆಚೀಚೆ ಒಂದೊಂದು ಮೆಟ್ಟಿಲು ಒಪ್ಪಿದರೆ ಒಂದು ಹೊತ್ತಿಗೆ ಚಲಾವಣೆಯಲ್ಲಿರುವುದು 3 ಕೋಡ್, ಒಂದು ಕೋಡಿನ ಆಯುಷ್ಯ 90 ಸೆಕೆಂಡ್. ಹತ್ತತ್ತು ಒಪ್ಪಿದರೆ 21 ಕೋಡ್, ಆಯುಷ್ಯ ಹತ್ತೂವರೆ ನಿಮಿಷ. ಊಹಿಸಿ ಹೊಡೆಯುವವನ ಅದೃಷ್ಟ ಏಳು ಪಟ್ಟಾಗುತ್ತದೆ. ನನಗೆ ಅದಕ್ಕಿಂತ ಹೆಚ್ಚು ಹೆದರಿಕೆ ಆಯುಷ್ಯದ್ದು. ಫೋನಿನಲ್ಲಿ ಪುಸಲಾಯಿಸಿ ಕೋಡ್ ಕೇಳುವ ವಂಚಕನಿಗೆ 90 ಸೆಕೆಂಡ್ ಇಕ್ಕಟ್ಟು, ಹತ್ತು ನಿಮಿಷ ಧಾರಾಳ.

ಈ ಪದ್ಧತಿಯ ಮಾನಕವಾದ 2011ರ ಆರ್‌ಎಫ್‌ಸಿ 6238 ಕೂಡ ಕೋಡ್ ತಲುಪಲು ಆಗುವ ವಿಳಂಬಕ್ಕೆ ಹೆಚ್ಚೆಂದರೆ ಒಂದು ಮೆಟ್ಟಿಲು ಸಾಕು ಎನ್ನುತ್ತದೆ. ನನ್ನ ರೂಢಿಯೂ ಹಿಂದೆ ಒಂದು, ಮುಂದೆ ಒಂದು. ಅದರ ಜೊತೆ, ಒಮ್ಮೆ ಒಪ್ಪಿದ ಮೆಟ್ಟಿಲನ್ನು ಬಳಕೆದಾರರ ಹೆಸರಿನಲ್ಲಿ ಬರೆದಿಟ್ಟು, ಅದನ್ನೂ ಅದಕ್ಕಿಂತ ಹಳೆಯದನ್ನೂ ಮತ್ತೆ ಒಪ್ಪಬಾರದು. ತಪ್ಪು ಪ್ರಯತ್ನಗಳಿಗೂ ಮಿತಿ ಬೇಕು. ಇಂಟರ್ನೆಟ್ಟೇ ಇಲ್ಲದ ಕೀಚೈನ್ ಮಾದರಿಯ ಟೋಕನ್ ಜಾರಿದರೆ ಎಲ್ಲರ ವಿಂಡೋ ಹಿಗ್ಗಿಸಬೇಡಿ. ಆ ಒಂದು ಟೋಕನ್ ಎಷ್ಟು ಜಾರಿದೆಯೆಂದು ದಾಖಲಿಸಿ, ಅದರ ಲೆಕ್ಕಕ್ಕೆ ಮಾತ್ರ ಕೂಡಿಸಿ.

ಆರನೆಯದು: ಯಾವ ಮೆಟ್ಟಿಲು ಹೊಂದಿತು ಎಂದು ಬರೆದಿಡಿ

ಇದನ್ನು ಮಾಡುವವರು ಕಡಿಮೆ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ್ದು ಇದೇ. ಪರೀಕ್ಷಿಸುವ ಕಡೆ ಒಂದು ಸಾಲು ಸೇರಿಸಿದರೆ ಆಯಿತು:

```
for k in (0, -1, 1):
    if hmac.compare_digest(totp(key, step + k), code):
        log.info("totp user=%s k=%d", user, k)
        return step + k > last_used
```

ಹೊಂದಿದ ಕೋಡ್ ಸರ್ವರ್‌ನ ಮೆಟ್ಟಿಲಿನಿಂದ ಎಷ್ಟು ಆಚೀಚೆ ಇದೆ ಎಂಬುದೇ `k`. ಗಡಿಯಾರ ಸರಿಯಿದ್ದಾಗ ಅದು ಹೆಚ್ಚಿನ ಸಲ 0, ನಿಧಾನ ಟೈಪ್ ಮಾಡುವವರಿಗೆ -1. +1 ಬರುವುದು ಬಲು ಅಪರೂಪ, ಏಕೆಂದರೆ ಮನುಷ್ಯ ತಡಮಾಡಬಲ್ಲ, ಭವಿಷ್ಯದ ಕೋಡ್ ತರಲಾರ. ಒಬ್ಬರಿಗೇ +1 ಬರುತ್ತಿದ್ದರೆ ಅವರ ಮೊಬೈಲ್ ಮುಂದಿದೆ. ಹಲವರಿಗೆ ಬರತೊಡಗಿದರೆ ಸರ್ವರ್ ಹಿಂದೆ ಬೀಳುತ್ತಿದೆ. ಸಂಘದಲ್ಲಿ ಈ ಸಾಲು ಮೊದಲೇ ಇದ್ದಿದ್ದರೆ, ಜಾರಿಕೆ ಹತ್ತು ಸೆಕೆಂಡ್ ದಾಟಿದ ಮೊದಲ ವಾರದಲ್ಲೇ +1ಗಳು ಕಾಣುತ್ತಿದ್ದವು. ಮೊದಲ ದೂರಿಗಿಂತ ಎರಡು ವಾರ ಮುಂಚೆ!

ಮರುದಿನ ಬೆಳಗ್ಗೆ `chronyc sources` ನೋಡಿದಾಗ ಒಂದರ ಮುಂದೆ `^*` ಗುರುತು, ಅಂದರೆ ಕ್ರೋನಿ ಅದಕ್ಕೆ ಹೊಂದಿಕೊಂಡಿದೆ; ಮೂರಕ್ಕೂ 377. ಹತ್ತು ಗಂಟೆಗೆ ಕೌಂಟರಿನಿಂದ ಫೋನ್ ಬಂತು.

“ಅಣ್ಣ, ಚೀಟಿಯಲ್ಲಿ ಬರೆದಿಟ್ಟದ್ದನ್ನು ಇವತ್ತು ತೆಕ್ಕೊಳ್ಳುದಿಲ್ಲ.”

“ಒಂದು ನಿಮಿಷ ಹಳತಾದ್ದನ್ನು ಅದು ತೆಗೆದುಕೊಳ್ಳಲೇ ಬಾರದಕ್ಕ. ಮೊಬೈಲಿನಲ್ಲಿ ಈಗ ಕಾಣುವುದನ್ನು ಹಾಕಿ ನೋಡಿ.”

ಕೀಲಿಗಳ ಸದ್ದು ಕೇಳಿತು, ಆರು ಸಲ. “ಆಯ್ತು” ಎಂದರು.