ಒಂದೇ ಫಂಡ್‌ನ ಎರಡು ಪ್ಲಾನ್: ಹನ್ನೆರಡು ವರ್ಷಗಳ ವೆಚ್ಚದ ಅಂತರವನ್ನು ನಾನು ಅಳೆದ ಬಗೆ

ಒಂದೇ ಮ್ಯೂಚುವಲ್ ಫಂಡ್‌ನ ಎರಡು ಪ್ಲಾನ್‌ಗಳ ನಡುವೆ ನೂರು ರೂಪಾಯಿಗೆ ವರ್ಷಕ್ಕೆ ಎಪ್ಪತ್ತು ಪೈಸೆಯಷ್ಟು ಇರುವ ವೆಚ್ಚದ ಅಂತರವನ್ನು ಅಳೆಯಲು ಸಾಧ್ಯವೇ ಇಲ್ಲ ಎಂದು ನನಗೆ ಹೇಳಿದವರು ಸಾಮಾನ್ಯರಲ್ಲ. ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ದಶಕಗಳ ಕಾಲ ದುಡಿದ ಹಿರಿಯರೊಬ್ಬರು, "ಮಾರುಕಟ್ಟೆ ಒಂದು ಬೆಳಗ್ಗೆಯಲ್ಲೇ ಅದಕ್ಕಿಂತ ಹೆಚ್ಚು ಏರಿ ಇಳಿಯುತ್ತದೆ ಸ್ವಾಮಿ, ಆ ಗದ್ದಲದಲ್ಲಿ ಇದನ್ನು ಎಲ್ಲಿ ಹುಡುಕುತ್ತೀರಿ?" ಎಂದು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆದರೆ ಮಾರುಕಟ್ಟೆಯ ಗದ್ದಲವನ್ನು ಪೂರ್ತಿಯಾಗಿ ತೆಗೆದುಹಾಕಿ, ವೆಚ್ಚವೊಂದನ್ನೇ ಉಳಿಸಿಕೊಳ್ಳುವ ದಾರಿಯೊಂದು ಇದೆ. ಅದನ್ನು ನಾನು ನನ್ನ ಸ್ವಂತ ಖಾತೆಯ ಮೇಲೆ ಮಾಡಿ ನೋಡಿದ್ದೇನೆ.

ನನ್ನ ಬಂಡವಾಳದಲ್ಲಿ ಇದ್ದದ್ದು ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಒಂದೇ ಯೋಜನೆಯ ಎರಡು ಪ್ಲಾನ್‌ಗಳು. 2013ರ ಏಪ್ರಿಲ್‌ನಿಂದ ವಿತರಕರ ಮೂಲಕ ತಿಂಗಳಿಗೆ ಐದು ಸಾವಿರದಂತೆ ಕಟ್ಟಿಕೊಂಡು ಬಂದದ್ದು ರೆಗ್ಯುಲರ್ ಪ್ಲಾನ್. 2023ರ ಕೊನೆಯಲ್ಲಿ ನಾನೇ ನೇರವಾಗಿ ಆರಂಭಿಸಿದ್ದು ಡೈರೆಕ್ಟ್ ಪ್ಲಾನ್. ಎರಡರ ಹಿಂದೆಯೂ ಇರುವುದು ಅದೇ ಐವತ್ತು ಷೇರುಗಳ ಅದೇ ಗಂಟು. ವ್ಯತ್ಯಾಸವೆಂದರೆ, ಮೊದಲನೆಯದರಲ್ಲಿ ವಿತರಕರ ಕಮಿಷನ್ ಕೂಡ ಫಂಡ್ ಪ್ರತಿ ವರ್ಷ ನಮ್ಮ ಹಣದಿಂದ ತೆಗೆದುಕೊಳ್ಳುವ ವೆಚ್ಚದ ಶೇಕಡಾವಾರು, ಅಂದರೆ ವೆಚ್ಚ ಅನುಪಾತದೊಳಗೆ ಸೇರಿರುತ್ತದೆ.

ಎಲ್ಲರೂ ಮೊದಲು ನೋಡುವುದು ಕಂತುಗಳ ದಿನಾಂಕಗಳನ್ನು ಹಿಡಿದು ವಾರ್ಷಿಕ ಗಳಿಕೆಯ ದರವನ್ನು ಹೇಳುವ ಎಕ್ಸ್‌ಐಆರ್‌ಆರ್. ನಾನೂ ಅಲ್ಲಿಂದಲೇ ಆರಂಭಿಸಿದೆ, ಮತ್ತು ಆ ದಾರಿ ಸಂಪೂರ್ಣವಾಗಿ ಕೈಕೊಟ್ಟಿತು. 2025ರ ಮಾರ್ಚ್ ಕೊನೆಯಲ್ಲಿ ರೆಗ್ಯುಲರ್ ಪ್ಲಾನ್ ಸುಮಾರು ಶೇ. 12 ತೋರಿಸುತ್ತಿದ್ದರೆ, ಡೈರೆಕ್ಟ್ ಪ್ಲಾನ್ ಶೇ. 3ರ ಆಸುಪಾಸಿನಲ್ಲಿತ್ತು. ವಿತರಕರು ಇದನ್ನೇ ಎತ್ತಿ ತೋರಿಸಿ, ದುಬಾರಿ ಪ್ಲಾನೇ ಚೆನ್ನಾಗಿ ದುಡಿದಿದೆ ಎಂದರು. ನಿಜವಾದ ಕಾರಣ ಬೇರೆ: ಡೈರೆಕ್ಟ್‌ಗೆ ಹೋದ ಕಂತುಗಳೆಲ್ಲ 2024ರ ಸೆಪ್ಟೆಂಬರ್‌ನ ಶಿಖರದ ಹಿಂದು ಮುಂದಿನ ದುಬಾರಿ ದಿನಗಳಲ್ಲಿ ಬಿದ್ದಿದ್ದವು. ಹಣ ಹೋದ ದಿನಾಂಕಗಳು ಬೇರೆಯಾದಾಗ ಎಕ್ಸ್‌ಐಆರ್‌ಆರ್ ಅಳೆಯುವುದು ಮಾರುಕಟ್ಟೆಯ ಕಾಲವನ್ನೇ ಹೊರತು ಫಂಡ್‌ನ ವೆಚ್ಚವನ್ನಲ್ಲ.

ಎರಡನೆಯ ದಾರಿ, ಫ್ಯಾಕ್ಟ್‌ಶೀಟ್‌ನಲ್ಲಿ ಅಚ್ಚಾದ ವೆಚ್ಚ ಅನುಪಾತಗಳನ್ನು ಕಳೆದು ವರ್ಷಗಳಿಂದ ಗುಣಿಸುವುದು. ಇದೂ ನಿಲ್ಲಲಿಲ್ಲ. ವೆಚ್ಚ ಅನುಪಾತವನ್ನು ಫಂಡ್ ಸಂಸ್ಥೆ ಆಗಾಗ ಬದಲಿಸುತ್ತದೆ, ಫ್ಯಾಕ್ಟ್‌ಶೀಟ್ ತೋರಿಸುವುದು ತಿಂಗಳ ಕೊನೆಯ ಚಿತ್ರವನ್ನು ಮಾತ್ರ, ಮತ್ತು ಹಳೆಯ ಹಾಳೆಗಳಲ್ಲಿ ನಿರ್ವಹಣಾ ಶುಲ್ಕದ ಮೇಲಿನ ತೆರಿಗೆಯನ್ನು ಸೇರಿಸಿದ್ದಾರೆಯೋ ಬಿಟ್ಟಿದ್ದಾರೆಯೋ ಎಂಬುದು ಪ್ರತಿ ಸಲ ಸ್ಪಷ್ಟವಾಗಿರುವುದಿಲ್ಲ. ಕೆಲವು ವಾರಾಂತ್ಯಗಳನ್ನು ಅದರಲ್ಲಿ ಕಳೆದ ಮೇಲೆ ಬಿಟ್ಟುಬಿಟ್ಟೆ.

ಕೆಲಸ ಮಾಡಿದ ವಿಧಾನ ಬಹಳ ಸರಳವಾದದ್ದು. ವೆಚ್ಚವನ್ನು ಪ್ರತಿದಿನ ಕಳೆದ ಮೇಲೆಯೇ ಒಂದು ಯೂನಿಟ್‌ನ ಆ ದಿನದ ಬೆಲೆಯಾದ ಎನ್‌ಎವಿ ಪ್ರಕಟವಾಗುತ್ತದೆ. ಹೀಗಿರುವಾಗ ಒಂದೇ ದಿನದ ಡೈರೆಕ್ಟ್ ಎನ್‌ಎವಿಯನ್ನು ರೆಗ್ಯುಲರ್ ಎನ್‌ಎವಿಯಿಂದ ಭಾಗಿಸಿದರೆ ಷೇರುಗಳ ಏರಿಳಿತ ಅಂಶದಲ್ಲೂ ಛೇದದಲ್ಲೂ ಇರುವುದರಿಂದ ಹೊಡೆದುಹೋಗಿ, ಅಲ್ಲಿಯವರೆಗೆ ಕೂಡಿಬಂದ ವೆಚ್ಚದ ಅಂತರ ಮಾತ್ರ ಉಳಿಯುತ್ತದೆ. ಸೆಬಿಯ ಆದೇಶದಂತೆ ಡೈರೆಕ್ಟ್ ಪ್ಲಾನ್‌ಗಳು ಆರಂಭವಾದದ್ದು 2013ರ ಜನವರಿ 1ರಂದು. ನನ್ನ ಯೋಜನೆಯಲ್ಲಿ ಆ ದಿನ ಎರಡೂ ಎನ್‌ಎವಿಗಳು ಒಂದೇ ಆಗಿದ್ದವು, ಆದ್ದರಿಂದ ಅನುಪಾತ ಒಂದರಿಂದ ಹೊರಡುತ್ತದೆ. ನನ್ನ ಮೊದಲ ಕಂತಿನ ದಿನ ರೆಗ್ಯುಲರ್ ಸುಮಾರು 50.00, ಡೈರೆಕ್ಟ್ 50.09 ಇತ್ತು. 2025ರ ಮಾರ್ಚ್ ಕೊನೆಗೆ ನೆನಪಿನಂತೆ 211.50 ಮತ್ತು 230.00. ಅನುಪಾತ 1.0018ರಿಂದ 1.0875ಕ್ಕೆ ಏರಿದೆ. ವರ್ಷದ ದರವನ್ನು ತೆಗೆಯಲು ಈ ಸೂತ್ರ ಸಾಕು. R1, R2 ಎಂದರೆ ಎರಡು ದಿನಗಳ ಅನುಪಾತ, T1, T2 ಎಂದರೆ ದಿನಾಂಕ:

```
=LN(R2/R1)/((T2-T1)/365)
```

ನನಗೆ ಬಂದ ಉತ್ತರ ವರ್ಷಕ್ಕೆ ಶೇ. 0.68. ಯಾರ ಫ್ಯಾಕ್ಟ್‌ಶೀಟ್‌ನ ಹಂಗೂ ಇಲ್ಲದೆ, ಎಲ್ಲ ಬದಲಾವಣೆಗಳನ್ನೂ ತೆರಿಗೆಯನ್ನೂ ಒಳಗೊಂಡ ನಿಜವಾದ ಅಂತರ ಇದು.

ಈ ಅನುಪಾತದ ಲಾಗರಿದಮ್ ಅನ್ನು ದಿನಾಂಕಗಳ ಎದುರು ಗೆರೆಯಾಗಿ ಎಳೆದಾಗಲೇ ನನಗೆ ವಿಧಾನದ ಮೇಲೆ ಪೂರ್ತಿ ನಂಬಿಕೆ ಬಂದದ್ದು. 2020ರ ಮಾರ್ಚ್‌ನಲ್ಲಿ ಮಾರುಕಟ್ಟೆ ಕುಸಿದ ವಾರಗಳಲ್ಲಿಯೂ ಆ ಗೆರೆ ಅಲುಗಾಡದೆ ಮೇಲಕ್ಕೆ ಹೋಗಿದೆ. ಎರಡು ಕಡೆ ಮಾತ್ರ ಅದರ ಓರೆ ಬದಲಾಗಿದೆ: ನಡುವೆ ಒಮ್ಮೆ ಶೇ. 0.8ರ ಹತ್ತಿರಕ್ಕೆ ಏರಿ, ಈಚಿನ ವರ್ಷಗಳಲ್ಲಿ 0.6ಕ್ಕೆ ಇಳಿದಿದೆ. ಎರಡೂ ತಿರುವುಗಳ ಆಸುಪಾಸಿನಲ್ಲಿ ಫಂಡ್ ಸಂಸ್ಥೆ ವೆಚ್ಚ ಅನುಪಾತವನ್ನು ಬದಲಿಸಿದ್ದು ದಾಖಲೆಗಳಲ್ಲಿ ಸಿಕ್ಕಿತು. ಗೆರೆ ಎಲ್ಲಿಯಾದರೂ ಕೆಳಗಿಳಿದರೆ ಅಥವಾ ಮೆಟ್ಟಿಲಿನಂತೆ ಹಾರಿದರೆ ಅದು ವೆಚ್ಚವಲ್ಲ, ದತ್ತಾಂಶದ ದೋಷ ಎಂದು ತಿಳಿಯಬೇಕು. ಹೆಚ್ಚಿನ ಸಲ ಗ್ರೋತ್ ಆಯ್ಕೆಯ ಬದಲು ಲಾಭಾಂಶ ಹಂಚುವ ಆಯ್ಕೆಯ ಎನ್‌ಎವಿ ನುಸುಳಿರುತ್ತದೆ. ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿಯ ಪಟ್ಟಿಯಲ್ಲಿ ಪ್ರತಿ ಆಯ್ಕೆಗೂ ಪ್ರತ್ಯೇಕ ಸಂಕೇತ ಸಂಖ್ಯೆ ಇರುವುದರಿಂದ ಹೆಸರನ್ನು ನಂಬದೆ ಸಂಖ್ಯೆಯನ್ನೇ ಹಿಡಿದುಕೊಳ್ಳುವುದು ಒಳ್ಳೆಯದು.

ದರ ಸಿಕ್ಕಿತೆಂದ ಮಾತ್ರಕ್ಕೆ ಕಳೆದುಕೊಂಡ ಹಣ ಎಷ್ಟು ಎಂದು ತಿಳಿಯುವುದಿಲ್ಲ, ಏಕೆಂದರೆ ಪ್ರತಿ ಕಂತಿನ ವಯಸ್ಸೂ ಬೇರೆ. ಇದಕ್ಕೆ ನಾನು ನೆರಳಿನ ಲೆಕ್ಕವೊಂದನ್ನು ಬರೆದೆ: ರೆಗ್ಯುಲರ್‌ಗೆ ಹೋದ ಪ್ರತಿ ಕಂತೂ ಅದೇ ದಿನ ಡೈರೆಕ್ಟ್‌ಗೆ ಹೋಗಿದ್ದರೆ ಇಂದು ಎಷ್ಟಾಗಿರುತ್ತಿತ್ತು? ಏಕೀಕೃತ ಖಾತೆ ವಿವರಪಟ್ಟಿಯಿಂದ ಕಂತಿನ ಮೊತ್ತವನ್ನು B ಸಾಲಿಗೂ ದೊರೆತ ಯೂನಿಟ್‌ಗಳನ್ನು C ಸಾಲಿಗೂ ತಂದು, ಆ ದಿನದ ಡೈರೆಕ್ಟ್ ಎನ್‌ಎವಿಯನ್ನು D ಸಾಲಿನಲ್ಲಿ ಕೂರಿಸಿದೆ. H1 ಇಂದಿನ ಡೈರೆಕ್ಟ್ ಎನ್‌ಎವಿ, H2 ಇಂದಿನ ರೆಗ್ಯುಲರ್ ಎನ್‌ಎವಿ.

```
E2: =B2/D2*$H$1
F2: =C2*$H$2
G2: =E2-F2
```

ಇಲ್ಲಿ ಗಮನಿಸಬೇಕಾದದ್ದು ದಿನಾಂಕ. ಬ್ಯಾಂಕಿನಿಂದ ಹಣ ಕಡಿತವಾದ ದಿನವನ್ನಲ್ಲ, ವಿವರಪಟ್ಟಿಯಲ್ಲಿ ಯೂನಿಟ್ ಹಂಚಿಕೆಯಾದ ಎನ್‌ಎವಿಯ ದಿನವನ್ನೇ ಹಿಡಿಯಬೇಕು. 2021ರ ಫೆಬ್ರವರಿಯಿಂದ ಹಣ ಫಂಡ್‌ನ ಕೈಸೇರಿದ ದಿನದ ಎನ್‌ಎವಿಯೇ ಅನ್ವಯವಾಗುವುದರಿಂದ ಎರಡರ ನಡುವೆ ಅಂತರ ಬೀಳುತ್ತದೆ. ಒಂದು ದಿನ ತಪ್ಪಿದರೂ ಆ ದಿನದ ಮಾರುಕಟ್ಟೆಯ ಏರಿಳಿತ ಲೆಕ್ಕದೊಳಗೆ ಮರಳಿ ಬಂದುಬಿಡುತ್ತದೆ. 2020ರ ಜುಲೈಯಿಂದೀಚಿನ ಕಂತುಗಳಲ್ಲಿ ಮುದ್ರಾಂಕ ಶುಲ್ಕವನ್ನು ಕಳೆದ ಮೊತ್ತವನ್ನು B ಸಾಲಿನಲ್ಲಿ ಬರೆಯಬೇಕು. ಐದು ಸಾವಿರಕ್ಕೆ ಅದು ಇಪ್ಪತ್ತೈದು ಪೈಸೆ ಮಾತ್ರ, ಆದರೂ ಬರೆದಿದ್ದೇನೆ.

2013ರ ಏಪ್ರಿಲ್‌ನ ಮೊದಲ ಕಂತನ್ನೇ ನೋಡೋಣ. ಐದು ಸಾವಿರಕ್ಕೆ ನೂರು ಯೂನಿಟ್ ಬಂದು, ಈಗ 21,150 ರೂಪಾಯಿ ಆಗಿದೆ. ಡೈರೆಕ್ಟ್‌ನಲ್ಲಿ 99.82 ಯೂನಿಟ್ ಬಂದು ಸುಮಾರು 22,960 ಆಗುತ್ತಿತ್ತು. ವ್ಯತ್ಯಾಸ 1,800 ರೂಪಾಯಿಗೂ ಸ್ವಲ್ಪ ಹೆಚ್ಚು, ಅಂದರೆ ಕಟ್ಟಿದ ಕಂತಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. 2019ರ ಏಪ್ರಿಲ್‌ನ ಕಂತಿನಲ್ಲಿ ಇದೇ ವ್ಯತ್ಯಾಸ 430 ರೂಪಾಯಿ. ಕಳೆದ ತಿಂಗಳದ್ದರಲ್ಲಿ ಏನೂ ಇಲ್ಲ. ನೂರ ನಲವತ್ತನಾಲ್ಕು ಕಂತುಗಳ ಒಟ್ಟು ಕಟ್ಟಿದ್ದು 7.2 ಲಕ್ಷ, ರೆಗ್ಯುಲರ್‌ನಲ್ಲಿ ಆಗಿರುವುದು ಸುಮಾರು 15.4 ಲಕ್ಷ, G ಸಾಲಿನ ಮೊತ್ತ 80 ಸಾವಿರದ ಹತ್ತಿರ. ಒಟ್ಟು ಗಂಟಿನ ಶೇ. 5ಕ್ಕೆ ಸ್ವಲ್ಪ ಮೇಲೆ, ಲಾಭದ ಹತ್ತನೇ ಒಂದು ಭಾಗ.

ಈ ಶೇ. 5 ನೋಡಿ ಸಮಾಧಾನಪಟ್ಟುಕೊಳ್ಳುವವರಿಗೆ ಒಂದು ಮಾತು. ಹನ್ನೆರಡು ವರ್ಷವೂ ಪೂರ್ತಿ ಉಳಿದ ಮೊದಲ ಕಂತಿನಲ್ಲಿ ಹೊಡೆತ ಶೇ. 8.5 ಇದೆ. ಕಂತು ಕಟ್ಟುವ ಕಾಲದಲ್ಲಿ ಹೊಸ ಹಣ ಬರುತ್ತಲೇ ಇರುವುದರಿಂದ ಸರಾಸರಿ ಕಡಿಮೆ ಕಾಣುತ್ತದೆ. ಕಂತು ನಿಲ್ಲಿಸಿ ಗಂಟನ್ನು ಹಾಗೆಯೇ ಬಿಟ್ಟರೆ ಇಡೀ ಗಂಟಿನ ಮೇಲೆ ಪೂರ್ತಿ ದರ ಬೀಳುತ್ತದೆ. ಅದೇ 0.68 ಇನ್ನು ಇಪ್ಪತ್ತು ವರ್ಷ ನಡೆದರೆ ಡೈರೆಕ್ಟ್‌ನಲ್ಲಿ ಇಟ್ಟ ಅದೇ ಹಣ ಶೇ. 14ಕ್ಕೂ ಹೆಚ್ಚು ಮುಂದಿರುತ್ತದೆ. ರೆಗ್ಯುಲರ್ ಪ್ಲಾನ್ ವರ್ಷಕ್ಕೆ ಶೇ. 12 ಕೊಟ್ಟರೆ ಈ ಅಂತರ 20 ಲಕ್ಷ ದಾಟುತ್ತದೆ. ಈ ರೂಪಾಯಿ ಊಹೆಯೇ, ಆದರೆ ದರ ಬದಲಾಗದಿದ್ದರೆ ಶೇಕಡಾವಾರು ಅಂತರ ಮಾರುಕಟ್ಟೆ ಹೇಗಿದ್ದರೂ ಅಷ್ಟೇ ಇರುತ್ತದೆ.

ಇದೇ ವಿಧಾನವನ್ನು ಎರಡು ಬೇರೆ ಸಂಸ್ಥೆಗಳ ನಿಫ್ಟಿ ಫಂಡ್‌ಗಳ ಮೇಲೂ ಪ್ರಯೋಗಿಸಿದೆ. ಒಂದರ ವೆಚ್ಚ ಅನುಪಾತ ಇನ್ನೊಂದಕ್ಕಿಂತ ಶೇ. 0.1ರಷ್ಟು ಕಡಿಮೆ ಇತ್ತು. ಐದಾರು ವರ್ಷಗಳ ಗೆರೆ ಎಳೆದರೆ ಅದು ನೇರವಾಗಿರಲಿಲ್ಲ, ನಡುಗುತ್ತಿತ್ತು. ಅಷ್ಟೇ ಅಲ್ಲದೆ, ಅಗ್ಗದ ಫಂಡೇ ಕೂದಲೆಳೆಯಷ್ಟು ಹಿಂದೆ ಬಿದ್ದಿತ್ತು. ಕೈಯಲ್ಲಿ ನಗದು ಉಳಿಸಿಕೊಳ್ಳುವುದು, ಸೂಚ್ಯಂಕ ಬದಲಾದಾಗ ಷೇರು ಕೊಳ್ಳುವ ಬೆಲೆ, ಲಾಭಾಂಶವನ್ನು ಮರುಹೂಡಿಕೆ ಮಾಡುವ ವಿಳಂಬ, ಇವೆಲ್ಲ ಆ ಅನುಪಾತದೊಳಗೆ ಸೇರಿಕೊಳ್ಳುತ್ತವೆ. ಆದ್ದರಿಂದ ಬೇರೆ ಸಂಸ್ಥೆಗಳನ್ನು ಹೋಲಿಸುವಾಗ ಈ ಅಂಕಿಯನ್ನು ವೆಚ್ಚದ ಅಂತರ ಎನ್ನಬಾರದು. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ನಿಫ್ಟಿಯ ಲಾಭಾಂಶ ಸಹಿತ ಸೂಚ್ಯಂಕದ ಎದುರಿಗೆ ಇಟ್ಟು ನೋಡಬೇಕು.

ಅಳತೆಯಿಂದ ಆದ ಪ್ರಯೋಜನ ವರ್ಗಾವಣೆಯ ನಿರ್ಧಾರದಲ್ಲಿ ಕಂಡಿತು. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಬದಲಿಸುವುದೂ ತೆರಿಗೆಯ ದೃಷ್ಟಿಯಲ್ಲಿ ಮಾರಾಟವೇ. 2018ರ ಜನವರಿ 31ರ ಹಿಂದಿನ ಯೂನಿಟ್‌ಗಳಿಗೆ ಆ ದಿನದ ಬೆಲೆಯನ್ನು ಆಧಾರವಾಗಿ ಹಿಡಿದರೂ, ಒಮ್ಮೆಗೇ ಎಲ್ಲವನ್ನೂ ಬದಲಿಸಿದ್ದರೆ 75ರಿಂದ 80 ಸಾವಿರ ತೆರಿಗೆ ಬೀಳುತ್ತಿತ್ತು. ಉಳಿತಾಯವಾದರೋ ವರ್ಷಕ್ಕೆ ಹತ್ತು ಸಾವಿರದ ಆಸುಪಾಸು. ಹಾಗಾಗಿ ರೆಗ್ಯುಲರ್‌ನ ಕಂತು ನಿಲ್ಲಿಸಿ, ಪ್ರತಿ ಹಣಕಾಸು ವರ್ಷ 1.25 ಲಕ್ಷದ ವಿನಾಯಿತಿಯೊಳಗೆ ಲಾಭ ಬರುವಷ್ಟನ್ನೇ ಬದಲಿಸುತ್ತಿದ್ದೇನೆ. ಮೊದಲು ಕೊಂಡ ಯೂನಿಟ್‌ಗಳೇ ಮೊದಲು ಹೊರಗೆ ಹೋಗುವ ನಿಯಮ ಇರುವುದರಿಂದ ಸದ್ಯಕ್ಕೆ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮೌಲ್ಯ ತೆರಿಗೆಯಿಲ್ಲದೆ ದಾಟುತ್ತದೆ. ವರ್ಷದ ಯಾವ ವಾರದಲ್ಲಿ ಮಾಡುತ್ತೇನೆ, ಮನೆಯವರ ಖಾತೆಗಳನ್ನು ಇದರೊಂದಿಗೆ ಹೇಗೆ ಹೊಂದಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಲೆಕ್ಕಪತ್ರ ವಿಭಾಗದ ಹಿರಿಯರು ಹಾಳೆಯನ್ನು ಪಡೆದು ತಮ್ಮ ಫಂಡ್‌ನ ಎನ್‌ಎವಿಗಳನ್ನು ತುಂಬಿ ನೋಡಿದರು. ಅವರದ್ದು ಸಕ್ರಿಯವಾಗಿ ನಿರ್ವಹಿಸುವ ಫಂಡ್, ಅಂತರ ಶೇ. 1ಕ್ಕೂ ಮೇಲೆ ಬಂದಿತು. ವಿತರಕರ ಸೇವೆಗೆ ಆ ಬೆಲೆ ಸರಿಯಾಗಿದೆ ಎಂದು ಅವರು ತೀರ್ಮಾನಿಸಿ ರೆಗ್ಯುಲರ್‌ನಲ್ಲೇ ಉಳಿದಿದ್ದಾರೆ, ಆದರೆ ಈಗ ವರ್ಷಕ್ಕೆ ಎಷ್ಟು ರೂಪಾಯಿ ಕೊಡುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿದೆ.