ಖಾತೆ ಅಳಿಸಲು ಬಟನ್ ಸಾಲದು, ಪತ್ರ ಬೇಕು: ನನ್ನ ಅನುಭವ

ಖಾತೆಯನ್ನು ಶಾಶ್ವತವಾಗಿ ಮುಚ್ಚಿ, ಅದರ ಹಿಂದಿನ ದತ್ತಾಂಶವನ್ನೂ ನಿಜಕ್ಕೂ ಅಳಿಸುವಂತೆ ಮಾಡಲು ಸರಿಯಾಗಿ ಬರೆದ ಒಂದು ಪತ್ರ ಸಾಕು ಎಂದು ನಾನು ಹೇಳಿದಾಗ ನಮ್ಮ ತಂಡದಲ್ಲಿ ಯಾರೂ ನಂಬಲಿಲ್ಲ. "ಟೇಬಲ್‌ಗೆ `deleted_at` ಕಾಲಂ ಸೇರಿಸುವವರು ನಾವೇ ಅಲ್ಲವೇ? ಯಾವ ಸಾಲೂ ಅಳಿಯುವುದಿಲ್ಲ ಬಿಡು" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ಅಳಿಸಿದ ದಿನಾಂಕವನ್ನು ಆ ಕಾಲಂನಲ್ಲಿ ಬರೆದು ದತ್ತಾಂಶವನ್ನು ಹಾಗೆಯೇ ಉಳಿಸಿಕೊಳ್ಳುವುದುಂಟು, ಹಾಗಾಗಿ ಅವರ ಮಾತು ಪೂರ್ತಿ ಸುಳ್ಳಲ್ಲ. ಆದರೂ ಆರು ತಿಂಗಳ ಆಸುಪಾಸಿನಲ್ಲಿ ನನ್ನ ಕೆಲಸ ಮುಗಿಯಿತು, ಮುಗಿದದ್ದನ್ನು ಪರೀಕ್ಷಿಸಿಯೂ ನೋಡಿದೆ. ಹೀಗಾಗಿ ಇದನ್ನು ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ನಾನು ಮುಚ್ಚಲು ಹೊರಟ ಖಾತೆ ಇದ್ದದ್ದು ಕೋಡಿಂಗ್ ಪರೀಕ್ಷೆಗಳನ್ನು ನಡೆಸಿ, ಅಂಕಗಳ ಆಧಾರದ ಮೇಲೆ ಅಭ್ಯರ್ಥಿಗಳನ್ನು ನೇಮಕಾತಿದಾರರಿಗೆ ತೋರಿಸುವ ವೇದಿಕೆಯೊಂದರಲ್ಲಿ. ವಿದ್ಯಾರ್ಥಿಯಾಗಿದ್ದಾಗ ತೆರೆದ ಖಾತೆಯಲ್ಲಿ ನನ್ನ ಹಳೆಯ ರೆಸ್ಯೂಮೆಗಳು, ನೂರಾರು ಪ್ರೋಗ್ರಾಂಗಳು ಮತ್ತು ಕೆಲವು ಸಂದರ್ಶನಗಳ ವಿಡಿಯೊಗಳು ಉಳಿದಿದ್ದವು. ಮೊದಲು ಸೆಟ್ಟಿಂಗ್ಸ್‌ನಲ್ಲಿದ್ದ ಅಳಿಸುವ ಬಟನ್ ಒತ್ತಿದೆ. ಪ್ರೊಫೈಲ್ ಪುಟ ಮಾಯವಾಯಿತು, ಆದರೆ ವಾರ ಎರಡು ವಾರದಲ್ಲಿ ನೇಮಕಾತಿದಾರರ ಮೇಲ್‌ಗಳು ಮತ್ತೆ ಬರತೊಡಗಿದವು. ಕಾರಣ ಸರಳವಾಗಿತ್ತು. ಬಟನ್ ಒತ್ತಿದ ಮೇಲೆ ಮೂವತ್ತು ದಿನಗಳ ಕಾಯುವ ಅವಧಿ ಇರುತ್ತದೆ ಮತ್ತು ಅಷ್ಟರೊಳಗೆ ಯಾವುದೇ ಸಾಧನದಿಂದ ಲಾಗಿನ್ ಆದರೆ ಕೋರಿಕೆ ತಾನಾಗಿಯೇ ರದ್ದಾಗುತ್ತದೆ. ಹಳೆಯ ಟ್ಯಾಬ್ಲೆಟ್‌ನಲ್ಲಿ ಉಳಿದಿದ್ದ ಅವರ ಆ್ಯಪ್ ಹಿನ್ನೆಲೆಯಲ್ಲಿ ಟೋಕನ್ ನವೀಕರಿಸಿಕೊಂಡದ್ದನ್ನೇ ವೇದಿಕೆಯು ನಾನು ಮರಳಿ ಬಂದಂತೆ ಲೆಕ್ಕ ಹಾಕಿತ್ತು. ಎಲ್ಲ ಸೆಷನ್‌ಗಳನ್ನೂ ಎಪಿಐ ಟೋಕನ್‌ಗಳನ್ನೂ ರದ್ದುಪಡಿಸಿ, ಆ್ಯಪ್ ತೆಗೆದುಹಾಕಿ, ಆ ಖಾತೆಯ ಮೂಲಕ ಲಾಗಿನ್ ಆಗುತ್ತಿದ್ದ ಇತರ ತಾಣಗಳ ಕೊಂಡಿಯನ್ನೂ ಕತ್ತರಿಸಿದ ಮೇಲೆಯೇ ಅವಧಿ ಪೂರ್ತಿಯಾಯಿತು. ಆಗಲೂ ಸಿಕ್ಕಿದ್ದು "ಖಾತೆ ನಿಷ್ಕ್ರಿಯಗೊಂಡಿದೆ" ಎಂಬ ಉತ್ತರ ಮಾತ್ರ.

ಸಹಾಯ ವಿಭಾಗಕ್ಕೆ ಬರೆದ ಟಿಕೆಟ್‌ಗಳ ಕಥೆ ಇನ್ನೂ ನೀರಸ. ಸಿದ್ಧ ಉತ್ತರವೊಂದು ಬರುತ್ತಿತ್ತು, ಟಿಕೆಟ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಈ ನಡುವೆ ವಾರ್ಷಿಕ ಸದಸ್ಯತ್ವ ನವೀಕರಣಗೊಂಡು ಕಾರ್ಡಿನಿಂದ ಹಣವೂ ಹೋಯಿತು, ಏಕೆಂದರೆ ನವೀಕರಣವನ್ನು ನಿಲ್ಲಿಸುವ ಪುಟ ಲಾಗಿನ್‌ನ ಹಿಂದಿತ್ತು ಮತ್ತು ಖಾತೆ ನಿಷ್ಕ್ರಿಯವಾಗಿದ್ದರಿಂದ ಲಾಗಿನ್ ಸಾಧ್ಯವಿರಲಿಲ್ಲ. ಹಣದ ವಿಷಯದಲ್ಲಿ ನಾನು ಕಂಡುಕೊಂಡ ಒಂದು ಸೂಕ್ಷ್ಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಮರುಪಾವತಿಯ ಬೇಡಿಕೆಯನ್ನೂ ಅಳಿಸುವ ಕೋರಿಕೆಯನ್ನೂ ಒಂದೇ ಪತ್ರದಲ್ಲಿ ಬರೆದರೆ ಅದು ಬಿಲ್ಲಿಂಗ್ ವಿಭಾಗಕ್ಕೆ ಹೋಗುತ್ತದೆ. ಅವರು ಹಣ ಹಿಂದಿರುಗಿಸಿಯೋ ನಿರಾಕರಿಸಿಯೋ "ಪರಿಹಾರವಾಯಿತು" ಎಂದು ಗುರುತು ಹಾಕುತ್ತಾರೆ, ಅಳಿಸುವ ಮಾತು ಅಲ್ಲಿಗೇ ಸತ್ತುಹೋಗುತ್ತದೆ. ಇದಕ್ಕಿಂತ ಕೆಟ್ಟ ಪರಿಣಾಮವೂ ಇದೆ. ಬ್ಯಾಂಕಿನ ಮೂಲಕ ಹಣದ ತಕರಾರು ಎತ್ತಿ ಅದು ಬಾಕಿ ಇರುವಾಗಲೇ ಅಳಿಸಲು ಕೇಳಿದರೆ, ಆ ತಕರಾರನ್ನು ಎದುರಿಸಲು ನಿಮ್ಮ ದಾಖಲೆಗಳು ಬೇಕು ಎಂದು ವೇದಿಕೆ ಹೇಳಬಹುದು, ಮತ್ತು ಕಾನೂನು ಆ ವಾದಕ್ಕೆ ಅವಕಾಶ ಕೊಡುತ್ತದೆ. ಆದ್ದರಿಂದ ನಾನು ಮೊದಲು ಹಣದ ಲೆಕ್ಕವನ್ನು ಬೇರೆ ಪತ್ರದಲ್ಲಿ ಮುಗಿಸಿದೆ. ಕಟ್ಟಿದ್ದರಲ್ಲಿ ಮುಕ್ಕಾಲು ಭಾಗದಷ್ಟು ಹಿಂದಿರುಗಿತು. ಉಳಿದದ್ದಕ್ಕಾಗಿ ಹಟ ಹಿಡಿಯದೆ ಬಿಟ್ಟುಕೊಟ್ಟೆ, ಏಕೆಂದರೆ ಲೆಕ್ಕ ಮುಗಿದಿದೆ ಎಂಬ ಅವರ ಲಿಖಿತ ಒಪ್ಪಿಗೆ ನನಗೆ ಆ ಹಣಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿತ್ತು.

ಆ ವೇದಿಕೆಯ ಮುಖ್ಯ ಕಚೇರಿ ಯುರೋಪಿಯನ್ ಒಕ್ಕೂಟದ ದೇಶವೊಂದರಲ್ಲಿತ್ತು. ಅಲ್ಲಿನ ದತ್ತಾಂಶ ಸಂರಕ್ಷಣಾ ನಿಯಮವಾದ ಜಿಡಿಪಿಆರ್ 2018ರ ಮೇ 25ರಿಂದ ಅನ್ವಯವಾಗುತ್ತಿದೆ. ಅದು ಯುರೋಪಿನ ನಿವಾಸಿಗಳಿಗೆ ಮಾತ್ರ ಎಂದು ಬಹಳ ಮಂದಿ ಎಂಜಿನಿಯರ್‌ಗಳು ಭಾವಿಸಿದ್ದಾರೆ. ಆದರೆ ಸಂಸ್ಥೆಯೇ ಒಕ್ಕೂಟದೊಳಗೆ ನೆಲೆಸಿದ್ದು, ಆ ನೆಲೆಯ ಚಟುವಟಿಕೆಯ ಭಾಗವಾಗಿ ದತ್ತಾಂಶವನ್ನು ಬಳಸುತ್ತಿದ್ದರೆ, ಬಳಕೆದಾರ ಎಲ್ಲಿದ್ದರೂ 3ನೇ ವಿಧಿಯ ಪ್ರಕಾರ ನಿಯಮ ಅನ್ವಯವಾಗುತ್ತದೆ. ಸಹೋದ್ಯೋಗಿಗಳ ಅನುಮಾನಕ್ಕೆ ನನ್ನ ಮೊದಲ ಉತ್ತರ ಇದೇ ಆಗಿತ್ತು. ಸಂಸ್ಥೆ ಬೇರೆಡೆ ಇದ್ದರೆ ಅಲ್ಲಿನ ಕಾನೂನನ್ನು ನೋಡಬೇಕು. ಉದಾಹರಣೆಗೆ ಕ್ಯಾಲಿಫೋರ್ನಿಯಾದ ಕಾನೂನು ಅಲ್ಲಿನ ನಿವಾಸಿಗಳಿಗಷ್ಟೇ ಸಲ್ಲುತ್ತದೆ.

ಅಳಿಸುವ ಮೊದಲು 15ನೇ ವಿಧಿಯಡಿ ನನ್ನ ದತ್ತಾಂಶದ ಪ್ರತಿಯನ್ನು ಕೇಳಿದೆ. ಸೆಟ್ಟಿಂಗ್ಸ್‌ನಿಂದ ಇಳಿಸಿಕೊಂಡಿದ್ದ ಜಿಪ್ ಕಡತ ಸುಮಾರು ನಲವತ್ತು ಎಂಬಿ ಇತ್ತು. ಪತ್ರಕ್ಕೆ ಉತ್ತರವಾಗಿ ಬಂದದ್ದು ಅದರ ಹತ್ತು ಪಟ್ಟಿಗೂ ಹೆಚ್ಚು. ಜಿಪ್‌ನಲ್ಲಿ ಇಲ್ಲದಿದ್ದ ಸಂದರ್ಶನದ ವಿಡಿಯೊಗಳು, ನಾನು ಅಳಿಸಿದ್ದ ಹಳೆಯ ರೆಸ್ಯೂಮೆಗಳು, ಮತ್ತು ಯಾವ ಬಗೆಯ ನೇಮಕಾತಿದಾರರಿಗೆ ಏನನ್ನು ಕೊಟ್ಟಿದ್ದಾರೆ ಎಂಬ ಪಟ್ಟಿ ಇದರಲ್ಲಿದ್ದವು. ಈ ಪಟ್ಟಿ ಕೈಯಲ್ಲಿದ್ದರೆ ಪತ್ರದಲ್ಲಿ "ನನ್ನ ಎಲ್ಲ ಮಾಹಿತಿ" ಎಂದು ತೇಲಿಸಿ ಬರೆಯಬೇಕಾಗುವುದಿಲ್ಲ. ಹೆಸರು ಹಿಡಿದು ಕೇಳಿದ್ದಕ್ಕೆ ಅವರೂ ಹೆಸರು ಹಿಡಿದೇ ಉತ್ತರಿಸಬೇಕಾಗುತ್ತದೆ. ಕೊನೆಗೆ ಕಳುಹಿಸಿದ ಪತ್ರದ ತಿರುಳು ಹೀಗಿತ್ತು:

> ವಿಷಯ: ಖಾತೆಯ ಶಾಶ್ವತ ಮುಕ್ತಾಯ ಮತ್ತು ಜಿಡಿಪಿಆರ್ 17ನೇ ವಿಧಿಯಡಿ ದತ್ತಾಂಶ ಅಳಿಸುವ ಕೋರಿಕೆ
>
> ಮಾನ್ಯರೇ, ಈ ಮೇಲ್ ವಿಳಾಸದಲ್ಲಿ ನೋಂದಾಯಿಸಿರುವ ನನ್ನ ಖಾತೆಯನ್ನು ಶಾಶ್ವತವಾಗಿ ಮುಚ್ಚಬೇಕೆಂದು ಕೋರುತ್ತೇನೆ. ಇದು ತಾತ್ಕಾಲಿಕ ನಿಷ್ಕ್ರಿಯತೆಯ ಕೋರಿಕೆಯಲ್ಲ. ನಮ್ಮ ನಡುವಿನ ಸದಸ್ಯತ್ವ ಕೊನೆಗೊಂಡಿದೆ, ಹಣದ ಲೆಕ್ಕ ಮುಗಿದಿದೆ, ಪ್ರೊಫೈಲ್ ಹಂಚಿಕೆಗೆ ನಾನು ನೀಡಿದ್ದ ಸಮ್ಮತಿಯನ್ನು ಹಿಂಪಡೆದಿದ್ದೇನೆ. ಆದ್ದರಿಂದ ನನ್ನ ದತ್ತಾಂಶವನ್ನು ಇಟ್ಟುಕೊಳ್ಳುವ ಉದ್ದೇಶ ಉಳಿದಿಲ್ಲ.
>
> ಪ್ರೊಫೈಲ್, ರೆಸ್ಯೂಮೆಯ ಎಲ್ಲ ಆವೃತ್ತಿಗಳು, ಸಂದರ್ಶನದ ವಿಡಿಯೊಗಳು, ಸಲ್ಲಿಸಿದ ಪ್ರೋಗ್ರಾಂಗಳು ಮತ್ತು ಭಾವಚಿತ್ರವನ್ನು ಅಳಿಸಿ, ದತ್ತಾಂಶ ಪಡೆದ ನೇಮಕಾತಿದಾರರಿಗೆ 19ನೇ ವಿಧಿಯಂತೆ ತಿಳಿಸಬೇಕು. ಕಾನೂನಿನ ಕಾರಣಕ್ಕೆ ಏನನ್ನಾದರೂ ಉಳಿಸಿಕೊಳ್ಳುವುದಾದರೆ ಅದು ಯಾವುದು, ಯಾವ ಕಾನೂನಿನಡಿ, ಎಷ್ಟು ಕಾಲ ಎಂಬುದನ್ನೂ, ಅಳಿಸಿದ ದತ್ತಾಂಶ ಬ್ಯಾಕಪ್‌ಗಳಿಂದ ಎಂದು ಮರೆಯಾಗುತ್ತದೆ ಎಂಬುದನ್ನೂ ಬರೆದು ತಿಳಿಸಿ. 12ನೇ ವಿಧಿಯಂತೆ ಒಂದು ತಿಂಗಳೊಳಗೆ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇದರಲ್ಲಿ ಕೋಪದ ಒಂದು ಪದವೂ ಇಲ್ಲ, ಬೆದರಿಕೆಯೂ ಇಲ್ಲ. ಮೊದಲ ಕರಡಿನಲ್ಲಿ ಎರಡೂ ಇದ್ದವು. ಓದಿದ ಗೆಳೆಯರೊಬ್ಬರು ಅವನ್ನು ಹೊಡೆದುಹಾಕಿಸಿದರು. ಪತ್ರವನ್ನು ಸಹಾಯ ವಿಭಾಗಕ್ಕೆ ಕಳುಹಿಸಬೇಡಿ, ಗೋಪ್ಯತಾ ನೀತಿಯ ಪುಟದಲ್ಲಿ ಕೊಟ್ಟಿರುವ ದತ್ತಾಂಶ ಸಂರಕ್ಷಣಾಧಿಕಾರಿಯ ವಿಳಾಸಕ್ಕೇ ಕಳುಹಿಸಿ. ಅದರ ಜೊತೆಗೆ ಇನ್ನೊಬ್ಬರಿಗೂ ಪ್ರತಿ ಹೋಗಿತ್ತು, ಉತ್ತರ ಬೇಗ ಬರಲು ಅದೇ ಕಾರಣ ಎಂದು ನನ್ನ ಊಹೆ. ಆ ಇನ್ನೊಬ್ಬರು ಯಾರೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎರಡೇ ದಿನಗಳಲ್ಲಿ ಬಂದ ಮೊದಲ ಪ್ರತಿಕ್ರಿಯೆ ಪಾಸ್‌ಪೋರ್ಟಿನ ಪ್ರತಿಯನ್ನು ಕೇಳಿತು. ಅಳಿಸಲು ಹೊರಟವನಿಂದಲೇ ಹೊಸ ದಾಖಲೆ ಕೇಳುವುದು ವಿಚಿತ್ರ. ಗುರುತಿನ ಬಗ್ಗೆ ಸಕಾರಣವಾದ ಅನುಮಾನವಿದ್ದರೆ ಮಾತ್ರ ಹೆಚ್ಚಿನ ಮಾಹಿತಿ ಕೇಳಬಹುದು ಎಂದು ನಿಯಮ ಹೇಳುತ್ತದೆ. ನಾನು ನೋಂದಾಯಿತ ವಿಳಾಸದಿಂದಲೇ ಬರೆದಿದ್ದೇನೆ ಎಂದು ನೆನಪಿಸಿ, ಬೇಕಿದ್ದರೆ ಆ ವಿಳಾಸಕ್ಕೆ ಒಂದು ಸಂಕೇತ ಕಳುಹಿಸಿ, ಹಳೆಯ ಬಿಲ್ಲೊಂದರ ಸಂಖ್ಯೆಯ ಜೊತೆಗೆ ಹಿಂದಿರುಗಿಸುತ್ತೇನೆ ಎಂದು ಸೂಚಿಸಿದೆ. ಅವರು ಒಪ್ಪಿದರು.

ಮೂರು ವಾರ ದಾಟಿದ ಮೇಲೆ "ನಿಮ್ಮ ದತ್ತಾಂಶವನ್ನು ಅನಾಮಧೇಯಗೊಳಿಸಲಾಗಿದೆ" ಎಂಬ ಉತ್ತರ ಬಂತು. ನಮ್ಮ ವೃತ್ತಿಯವರು ಎಚ್ಚರದಿಂದ ಓದಬೇಕಾದ ಸಾಲು ಇದು. ಹೆಸರಿನ ಜಾಗದಲ್ಲಿ "ಅಳಿಸಲಾದ ಬಳಕೆದಾರ" ಎಂದು ಬರೆದು, ಹಳೆಯ `user_id` ಅನ್ನು ಹಾಗೆಯೇ ಉಳಿಸಿ, ಆ ಸಂಖ್ಯೆಯ ಮೂಲಕ ಎಲ್ಲ ಸಲ್ಲಿಕೆಗಳನ್ನೂ ಮತ್ತೆ ಜೋಡಿಸಲು ಸಾಧ್ಯವಿದ್ದರೆ ಅದು ಅನಾಮಧೇಯವಾಗುವುದಿಲ್ಲ. ಸಾಲದ್ದಕ್ಕೆ, ನಾನು ಪ್ರತಿ ಪ್ರೋಗ್ರಾಮಿನ ತಲೆಯ ಕಾಮೆಂಟ್‌ನಲ್ಲಿ ಹೆಸರನ್ನೂ ಮೇಲ್ ವಿಳಾಸವನ್ನೂ ಬರೆಯುತ್ತಿದ್ದೆ, ಅವು ಕೋಡ್‌ನ ಒಳಗೇ ಇದ್ದವು. ಇನ್ನೂ ಸಾರ್ವಜನಿಕವಾಗಿ ಕಾಣುತ್ತಿದ್ದ ಮೂರ್ನಾಲ್ಕು ಸಲ್ಲಿಕೆಗಳ ಕೊಂಡಿಗಳನ್ನು ಕೊಟ್ಟು ಇದನ್ನು ತೋರಿಸಿದೆ. ಮುಂದಿನ ವಾರದ ಹೊತ್ತಿಗೆ ಆ ಪುಟಗಳು 404 ತೋರಿಸತೊಡಗಿದವು.

ಭಾವಚಿತ್ರ ಮಾತ್ರ ಹಳೆಯ ಕೊಂಡಿಯಲ್ಲಿ ತೆರೆಯುತ್ತಲೇ ಇತ್ತು. ಅದು ಮೂಲ ಸಂಗ್ರಹದಲ್ಲೇ ಉಳಿದಿದೆಯೋ, ಕಡತಗಳ ಪ್ರತಿಗಳನ್ನು ಬಳಕೆದಾರರ ಹತ್ತಿರವಿಟ್ಟು ಬೇಗ ಒದಗಿಸುವ ಸಿಡಿಎನ್‌ನ ಕ್ಯಾಶ್‌ನಲ್ಲಿ ಮಾತ್ರವೋ ಎಂದು ತಿಳಿಯುವ ಕುತೂಹಲದಿಂದ ಒಂದು ಸಂಜೆ ಇದರಲ್ಲೇ ಕಳೆದೆ:

```
curl -sI "$URL" | grep -iE '^(HTTP|age|cache-control)'
curl -sI "$URL?x=1" | grep -iE '^(HTTP|age)'
```

ಮೊದಲ ಆದೇಶಕ್ಕೆ 200 ಬಂತು, `max-age=31536000` ಎಂದರೆ ಒಂದು ವರ್ಷದ ಕ್ಯಾಶ್, ಮತ್ತು ಕ್ಯಾಶ್‌ನಲ್ಲಿ ಎಷ್ಟು ಸೆಕೆಂಡುಗಳಿಂದ ಇದೆ ಎಂದು ಹೇಳುವ `age` ಪ್ರತಿ ಬಾರಿಯೂ ಬೆಳೆಯುತ್ತಿತ್ತು. ಎರಡನೆಯದಕ್ಕೆ 403 ಬಂತು. ಪ್ರಶ್ನಾರ್ಥಕದ ನಂತರದ ಭಾಗವನ್ನೂ ಕ್ಯಾಶ್ ಕೀಲಿಯಲ್ಲಿ ಸೇರಿಸಿಕೊಳ್ಳುವ ಸಿಡಿಎನ್ ಆದರೆ ಅದು ಆ ಕೋರಿಕೆಯನ್ನು ಮೂಲ ಸಂಗ್ರಹಕ್ಕೆ ಕಳುಹಿಸುತ್ತದೆ, ಮತ್ತು ಪಟ್ಟಿ ನೋಡುವ ಅನುಮತಿ ಇಲ್ಲದ ಕಡೆ ಕೆಲವು ಸಂಗ್ರಹಗಳು ಇಲ್ಲದ ಕಡತಕ್ಕೆ 404ರ ಬದಲು 403 ಹೇಳುತ್ತವೆ. ಎಂದರೆ ಮೂಲ ಕಡತ ಹೋಗಿದೆ, ಕ್ಯಾಶ್‌ನ ಪ್ರತಿ ಮಾತ್ರ ಉಳಿದಿದೆ; ಇದು ಖಚಿತ ಸಾಕ್ಷಿಯಲ್ಲ, ಬಲವಾದ ಸೂಚನೆ ಅಷ್ಟೇ. ಒಂದು ವೇಳೆ ಎರಡನೆಯದಕ್ಕೂ 200 ಬಂದು `age` ಸೊನ್ನೆಯ ಹತ್ತಿರವಿದ್ದಿದ್ದರೆ ಮೂಲ ಕಡತವೇ ಉಳಿದಿದೆ ಎಂದು ಬರೆಯುತ್ತಿದ್ದೆ. ಕ್ಯಾಶ್ ತೆರವುಗೊಳಿಸಿ ಎಂದು ಒಂದು ಸಾಲು ಬರೆದೆ, ಮರುದಿನ ಚಿತ್ರ ಹೋಗಿತ್ತು. ಖಾತೆ ನಿಜಕ್ಕೂ ಹೋಯಿತೇ ಎಂದು ಪಾಸ್‌ವರ್ಡ್ ಮರುಹೊಂದಿಸುವ ಪುಟದಿಂದ ತಿಳಿಯಲು ಪ್ರಯತ್ನಿಸಬೇಡಿ. ಖಾತೆ ಇರಲಿ ಇಲ್ಲದಿರಲಿ, ಒಳ್ಳೆಯ ವ್ಯವಸ್ಥೆ ಒಂದೇ ಉತ್ತರ ಕೊಡುತ್ತದೆ.

ಉಳಿದದ್ದು ಎರಡು. ಬಿಲ್ಲುಗಳನ್ನು ತೆರಿಗೆ ಕಾನೂನಿನ ಕಾರಣಕ್ಕೆ ಕೆಲವು ವರ್ಷ ಇಟ್ಟುಕೊಳ್ಳುವುದಾಗಿ ಬರೆದಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಬ್ಯಾಕಪ್‌ಗಳು ಉಳಿಯುವ ಅವಧಿ ಸುಮಾರು ಮೂರು ತಿಂಗಳಂತೆ; ಅಷ್ಟರಲ್ಲಿ ಬ್ಯಾಕಪ್‌ನಿಂದ ಮರುಸ್ಥಾಪಿಸಬೇಕಾಗಿ ಬಂದರೆ ಅಳಿಸಿದವರ ಪಟ್ಟಿಯನ್ನು ಮತ್ತೊಮ್ಮೆ ಓಡಿಸುತ್ತೇವೆ ಎಂದು, ನಾನು ಕೇಳಿದ ಮೇಲೆ, ಲಿಖಿತವಾಗಿ ಒಪ್ಪಿದರು. ನೇಮಕಾತಿದಾರರು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡ ರೆಸ್ಯೂಮೆಗಳು ಬೇರೆಯೇ ಸಮಸ್ಯೆ. ವೇದಿಕೆ ಅವರಿಗೆ ಸುದ್ದಿ ಮುಟ್ಟಿಸಬೇಕು, ಅವರ ಡಿಸ್ಕಿನಿಂದ ಅಳಿಸುವ ಶಕ್ತಿ ಅದಕ್ಕಿಲ್ಲ. ಅಂಥವರಲ್ಲಿ ಒಬ್ಬರು ಕಳೆದ ತಿಂಗಳು ಹಳೆಯ ರೆಸ್ಯೂಮೆ ಹಿಡಿದು ನನಗೆ ಮೇಲ್ ಕಳುಹಿಸಿದರು. ಅವರಿಗೂ ಇದೇ ಪತ್ರವನ್ನು, ಮೂರನೆಯ ಒಂದು ಭಾಗಕ್ಕೆ ಇಳಿಸಿ, ಕಳುಹಿಸಿದ್ದೇನೆ.